ಹಿರಿಯ ಸಹೋದ್ಯೋಗಿಯ ಪ್ರಸ್ತಾಪಕ್ಕೆ ಮೇಲ್‌ನಲ್ಲಿ ‘ಆಗಲ್ಲ’ ಅನ್ನಬೇಕು. ಮನಸ್ತಾಪ ಆಗದ ಹಾಗೆ ಹೇಗೆ ಬರೆಯಲಿ?

ಪ್ರಶ್ನೆ: ಕಲಬುರಗಿ ಹತ್ತಿರ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಲೆಕ್ಕಪತ್ರ ನೋಡ್ತೀನಿ. ನಮ್ಮ ಫೀಲ್ಡ್ ಸಂಯೋಜಕರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಜನವರಿಯಿಂದ 50 ಕ್ವಿಂಟಲ್ ತೊಗರಿ ಬೇಳೆಯನ್ನು ಜಿಐ ಅನ್ನೋ ಭೌಗೋಳಿಕ ಗುರುತು ಹಾಕಿ ಕಿಲೋ ಪ್ಯಾಕೆಟ್‌ನಲ್ಲಿ ಮಾರೋಣ ಅಂತ ಪ್ರಸ್ತಾಪ ಕಳಿಸಿದ್ದಾರೆ. ಸಾಲಕ್ಕೆ ಮಾಲು ತಗೊಳ್ಳೋಕೆ ಒಪ್ಪಿದ 14 ಅಂಗಡಿಗಳ ಪಟ್ಟಿಯೂ ಇದೆ. ಇದಕ್ಕೆ ಸುಮಾರು 6 ಲಕ್ಷ ಬೇಕು. ಆ ತಿಂಗಳು ರೈತರಿಗೆ ಕೊಡೋಕೇ ದುಡ್ಡು ಸಾಲಲ್ಲ. ಬೇಡ ಅಂತ ತಿಳಿಸು ಅಂದಿದ್ದಾರೆ ಸಿಇಒ. ನಾನು ಬರೆದದ್ದು ಇದು. ತುಂಬಾ ಖಡಕ್ ಆಯ್ತಾ?

> ಸರ್, ನಿಮ್ಮ ಪ್ರಸ್ತಾಪ ನೋಡಿದೆ. ಇದು ಪ್ರಾಕ್ಟಿಕಲ್ ಅಲ್ಲ. ನೀವು ವರ್ಕಿಂಗ್ ಕ್ಯಾಪಿಟಲ್ ಲೆಕ್ಕವನ್ನೇ ಹಾಕಿಲ್ಲ. ಜಿಐ ಗುರುತು ಹಾಗೆಲ್ಲ ಹಾಕೋಕೆ ಬರಲ್ಲ, ನೋಂದಣಿ ಬೇಕು. ಈ ವರ್ಷ ಸಾಧ್ಯವಿಲ್ಲ. ಮುಂದೆ ಇಂಥದ್ದು ಕಳಿಸುವ ಮೊದಲು ಅಕೌಂಟ್ಸ್ ಜೊತೆ ಚರ್ಚಿಸಿ.

ಉತ್ತರ:

ಹೌದು, ಖಡಕ್ ಆಗಿದೆ. ಆದರೆ ನೀವು ಅಂದುಕೊಂಡ ಜಾಗದಲ್ಲಲ್ಲ. ನಿಮ್ಮ ಮೇಲ್‌ನಲ್ಲಿ ಸರಿಯಾಗಿರುವ ಸಾಲು ಒಂದೇ, ‘ಈ ವರ್ಷ ಸಾಧ್ಯವಿಲ್ಲ’ ಅನ್ನೋದು. ಬಹಳ ಜನ ಮೆತ್ತಗೆ ಮಾಡೋಕೆ ಹೋಗಿ ಆ ಸಾಲನ್ನೇ ತೆಗೆದುಹಾಕುತ್ತಾರೆ. ‘ಸದ್ಯಕ್ಕೆ ಸ್ವಲ್ಪ ಕಷ್ಟ ಅನಿಸುತ್ತೆ, ಮುಂದೆ ನೋಡೋಣ’ ಅಂತ ಬರೆಯುತ್ತಾರೆ. ನಾನೂ ಇದೇ ಊರಲ್ಲಿ ಬೇಳೆ ವ್ಯಾಪಾರದ ಲೆಕ್ಕ ನೋಡುವವನು. ನಮ್ಮ ಕಡೆ ‘ನೋಡೋಣ ತಗೊಳ್ರಿ’ ಅಂದರೆ ಅರ್ಧ ಜನ ಒಪ್ಪಿಗೆ ಅಂತಲೇ ತಿಳಿಯುತ್ತಾರೆ. ನಿಮ್ಮವರು ಅದನ್ನು ನಂಬಿ ಆ 14 ಅಂಗಡಿಗಳಿಗೆ ಮಾಲು ಬರುತ್ತೆ ಅಂತ ಮಾತು ಕೊಟ್ಟುಬಿಟ್ಟರೆ? ಡಿಸೆಂಬರ್ ಕೊನೆಗೆ ಇಲ್ಲ ಅಂದಾಗ ಅಂಗಡಿಯವರ ಮುಂದೆ ಮುಖ ಹೋಗುವುದು ಅವರದು. ಇವತ್ತಿನ ಬೇಜಾರಿಗಿಂತ ಅದು ಹತ್ತು ಪಟ್ಟು ದೊಡ್ಡದು. ಹಾಗಾಗಿ ‘ಇಲ್ಲ’ ಅನ್ನೋದು ಇಲ್ಲ ಅಂತಲೇ ಇರಲಿ. ಮೆತ್ತಗಾಗಬೇಕಾದದ್ದು ಅದರ ಸುತ್ತ ಇರುವ ಮಾತು.

ಚುಚ್ಚುವುದು ಎಲ್ಲಿ ನೋಡಿ. ‘ನೀವು ಲೆಕ್ಕವನ್ನೇ ಹಾಕಿಲ್ಲ’ ಅನ್ನೋ ಸಾಲಿನಲ್ಲಿ ತಪ್ಪು ಪ್ರಸ್ತಾಪದ್ದಲ್ಲ, ಮನುಷ್ಯನದು. ಆ ‘ವನ್ನೇ’ ಬೇರೆ ಉಪ್ಪು ಸವರಿದ ಹಾಗಿದೆ. ವರ್ಕಿಂಗ್ ಕ್ಯಾಪಿಟಲ್ ಲೆಕ್ಕ ಹಾಕೋದು ಅವರ ಕೆಲಸವೂ ಅಲ್ಲ, ನಿಮ್ಮದು ಅಲ್ವಾ? ‘ಪ್ರಾಕ್ಟಿಕಲ್ ಅಲ್ಲ’ ಅನ್ನೋದು ಇನ್ನೊಂದು ತೊಂದರೆ. ಅದು ಬರೀ ತೀರ್ಪು, ಒಳಗೆ ಕಾರಣವೇ ಇಲ್ಲ. ಇಪ್ಪತ್ತು ವರ್ಷ ಹಳ್ಳಿ ತಿರುಗಿದವರಿಗೆ ಆಫೀಸಿನಲ್ಲಿ ಕೂತವರು ಹಾಗೆ ಬರೆದರೆ, ‘ಇವರಿಗೇನು ಗೊತ್ತು’ ಅನ್ನೋದೇ ಮೊದಲು ಬರುವ ಮಾತು. ಕೊನೆಯ ಸಾಲು ಅಂತೂ ಪೂರ್ತಿ ಹೋಗಲಿ. ‘ಮುಂದೆ ನಮ್ಮನ್ನು ಕೇಳಿ ಕಳಿಸಿ’ ಅನ್ನೋದು ಉತ್ತರ ಅಲ್ಲ, ತಾಕೀತು. ದೊಡ್ಡವರಿಗೆ ಅದನ್ನು ಮೇಲ್‌ನಲ್ಲಿ ಕೊಡುವ ಹಕ್ಕು ನಿಮಗಿಲ್ಲ. ನಿಜವಾಗಿ ಹಾಗೆ ಆಗಬೇಕು ಅನಿಸಿದರೆ ಸಿಇಒ ಒಂದು ಮೀಟಿಂಗ್‌ನಲ್ಲಿ ಎಲ್ಲರಿಗೂ ಸೇರಿಸಿ ಹೇಳಲಿ.

ಈಗ ಕಾರಣಕ್ಕೆ ಬರೋಣ. ಇಡೀ ಮೇಲ್ ನಿಲ್ಲೋದು ಇದರ ಮೇಲೆ. ನಿಮ್ಮ ಹತ್ತಿರ ಎರಡು ಕಾರಣ ಇವೆ, ದುಡ್ಡು ಮತ್ತು ಜಿಐ. ಎರಡನ್ನೂ ಒಂದೇ ತೂಕದಲ್ಲಿ ಇಟ್ಟಿದ್ದೀರಿ. ಕಾರಣ ಜಾಸ್ತಿಯಾದಷ್ಟೂ ಓದುವವರಿಗೆ ‘ಇವರಿಗೆ ಹೇಗಾದರೂ ಬೇಡ ಅನ್ನಬೇಕಿತ್ತು’ ಅನಿಸುತ್ತೆ. ಇನ್ನೊಂದು ಅಪಾಯವೂ ಇದೆ. ಅವರು ನಾಳೆಯೇ ಜಿಐ ವಿಷಯಕ್ಕೆ ದಾರಿ ಹುಡುಕಿಕೊಂಡು ಬಂದರೆ, ನೀವು ಒಪ್ಪಬೇಕಾಯಿತು ಅನ್ನೋ ಹಾಗಾಗುತ್ತೆ. ನಿರ್ಧಾರ ನಿಂತಿರೋದು ದುಡ್ಡಿನ ಮೇಲೆ. ಅದೊಂದನ್ನೇ ಕಾರಣ ಅಂತ ಬರೆಯಿರಿ.

ಅದನ್ನೂ ಲೆಕ್ಕದವರ ಭಾಷೆಯಲ್ಲಿ ಬೇಡ, ಅವರ ಕಣ್ಣಿಗೆ ಕಾಣುವ ಹಾಗೆ ಬರೆಯಿರಿ. ಜನವರಿಯಲ್ಲಿ ತೊಗರಿ ರಾಶಿ ನಡೆದಿರುತ್ತೆ, ರೈತರು ಮಾಲು ತರುತ್ತಾರೆ. ನಿಮ್ಮ ಕಂಪನಿ ದುಡ್ಡು ತಡ ಮಾಡಿದರೆ ರೈತ ಕಾಯೋದಿಲ್ಲ, ಟ್ರ್ಯಾಕ್ಟರ್ ನೆಟ್ಟಗೆ ನೆಹರು ಗಂಜಿನ ಅಡತಿ ಅಂಗಡಿಗೆ ಹೋಗುತ್ತೆ. ಆಗ ಬೈಗುಳ ಕೇಳೋದು ಯಾರು? ಅಕೌಂಟ್ಸ್ ನಂಬರ್ ಯಾವ ರೈತನ ಹತ್ತಿರವೂ ಇರಲ್ಲ. ಫೋನ್ ಬರೋದು ನಿಮ್ಮ ಫೀಲ್ಡ್ ಸಂಯೋಜಕರಿಗೇ. ಆ 6 ಲಕ್ಷ ಅಂಗಡಿಗಳ ಉದ್ರಿಯಲ್ಲಿ ಸಿಕ್ಕಿಕೊಂಡರೆ ಕಷ್ಟ ಅವರ ರೈತರಿಗೆ ಅನ್ನೋದು ಒಂದು ಸಾಲಿನಲ್ಲಿ ಬಂದರೆ ಸಾಕು. ಬೇಡ ಅನ್ನೋದು ಆಗ ಅವರ ವಿರುದ್ಧದ ಮಾತಾಗಿ ಉಳಿಯಲ್ಲ. ಹಾಗಂತ ‘ನಿಮ್ಮ ಒಳ್ಳೆಯದಕ್ಕೇ ಹೇಳ್ತಿದ್ದೀನಿ’ ಅಂತ ಬಿಡಿಸಿ ಬರೆಯಬೇಡಿ. ಲೆಕ್ಕ ಇಡಿ, ಉಳಿದದ್ದು ಅವರೇ ಓದಿಕೊಳ್ಳುತ್ತಾರೆ.

ಜಿಐ ವಿಷಯದಲ್ಲಿ ನೀವು ಹೇಳಿದ್ದು ಸರಿಯೇ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ ಸಿಕ್ಕಿದೆ. ಆದರೆ ಇಲ್ಲಿ ಬೆಳೆದ ಬೇಳೆ ಅಂದ ಮಾತ್ರಕ್ಕೆ ಪ್ಯಾಕೆಟ್ ಮೇಲೆ ಗುರುತು ಹಾಕೋಕೆ ಬರಲ್ಲ. ಅಧಿಕೃತ ಬಳಕೆದಾರ ಅಂತ ನೋಂದಣಿ ಆಗಿರಬೇಕು. ಇದನ್ನು ತಪ್ಪು ತೋರಿಸುವ ಹಾಗೆ ಬರೆಯುವ ಬದಲು ಮುಂದೆ ಆಗಬೇಕಾದ ಕೆಲಸ ಅಂತ ಬರೆಯಿರಿ. ಆ ಕೆಲಸ ನೀವು ಹೊತ್ತುಕೊಳ್ಳೋ ಹಾಗಿದ್ದರೆ ಇನ್ನೂ ಚೆನ್ನ. ಹೊತ್ತುಕೊಳ್ಳೋಕೆ ಆಗದಿದ್ದರೆ ಸುಮ್ನೆ ಬರೆಯಬೇಡಿ.

ಹೊಗಳಿಕೆ ಎಲ್ಲಿ ಇಡಬೇಕು ಅನ್ನೋದೂ ಮುಖ್ಯ. ‘ನಿಮ್ಮ ಐಡಿಯಾ ತುಂಬಾ ಚೆನ್ನಾಗಿದೆ, ಆದರೆ’ ಅಂತ ಶುರು ಮಾಡಿದರೆ ಆ ‘ಆದರೆ’ ಕಂಡ ಕೂಡಲೇ ಹಿಂದಿನದೆಲ್ಲ ಸುಳ್ಳಾಗುತ್ತೆ. ನಿರ್ಧಾರ, ಕಾರಣ ಮುಗಿದ ಮೇಲೆ ಇಡಿ. ಅದೂ ನಿಜವಾಗಿ ಬಳಕೆಗೆ ಬರುವ ಒಂದೇ ಒಂದು ಸಂಗತಿ. ನಿಮ್ಮ ವಿಷಯದಲ್ಲಿ ಅದು ಅಂಗಡಿ ಪಟ್ಟಿ. ಬಿಸಿಲಲ್ಲಿ ತಿರುಗಿ, ಒಬ್ಬೊಬ್ಬ ಅಂಗಡಿಯವರನ್ನು ಮಾತಾಡಿಸಿ ತಂದ ಪಟ್ಟಿ ಅದು. ನಿಮ್ಮ ಮೇಲ್‌ನಲ್ಲಿ ಅದರ ಸುದ್ದಿಯೇ ಇಲ್ಲ. ನನ್ನನ್ನು ಕೇಳಿದರೆ ಅವರಿಗೆ ಜಾಸ್ತಿ ನೋವಾಗೋದು ಅದಕ್ಕೇ.

ಇನ್ನು ಮೇಲ್ ಕಳಿಸುವ ಮೊದಲು ಫೋನ್ ಮಾಡಿ, ಅಥವಾ ಅವರು ಆಫೀಸಿಗೆ ಬಂದ ದಿನ ಚಹಾ ಕುಡಿಯುವಾಗ ಹೇಳಿ. ಎರಡು ನಿಮಿಷ ಸಾಕು. ‘ಸರ್, ಪ್ಯಾಕೆಟ್‌ದು ಪೂರಾ ಓದೀನ್ರಿ. ಈ ಹಂಗಾಮಿಗೆ ಆಗಂಗಿಲ್ರಿ, ಜನವರಿದಾಗ ರೈತರಿಗೆ ಕೊಡೋ ರೊಕ್ಕನೇ ಸಾಲಂಗಿಲ್ಲ. ಸಂಜೀಕ ಮೇಲ್ ಹಾಕ್ತೀನಿ, ಅದಕ್ಕ ಮೊದಲ ನಿಮಗ ಹೇಳಬೇಕಂತ ಫೋನ್ ಮಾಡಿದೆ.’ ಅಷ್ಟೇ. ಅವರು ಸಿಟ್ಟಾದರೆ ಅಲ್ಲೇ ಆಗಲಿ, ಸಿಇಒ ಕಣ್ಣೆದುರು ಮೇಲ್‌ನಲ್ಲಿ ಆಗೋದು ಬೇಡ. ಫೋನಿನಲ್ಲಿ ಅವರು ಏನಾದರೂ ಹೊಸ ವಿಷಯ ಹೇಳಿದರೆ, ಮೇಲ್ ಕಳಿಸೋದನ್ನು ಒಂದು ದಿನ ತಡೆಯಿರಿ.

ಅದಾದ ಮೇಲೆ ಹೀಗೆ ಬರೆಯಬಹುದು:

> ವಿಷಯ: ತೊಗರಿ ಬೇಳೆ ಪ್ಯಾಕೆಟ್ ಪ್ರಸ್ತಾಪ – ಈ ಹಂಗಾಮಿನ ನಿರ್ಧಾರ
>
> ನಮಸ್ಕಾರ ಸರ್,
>
> ಬೆಳಿಗ್ಗೆ ಫೋನಿನಲ್ಲಿ ಮಾತಾಡಿದ್ದನ್ನು ಬರೆದು ಕಳಿಸುತ್ತಿದ್ದೇನೆ. ಪ್ಯಾಕೆಟ್ ಮಾರಾಟವನ್ನು ಈ ಹಂಗಾಮಿನಲ್ಲಿ ಮಾಡುತ್ತಿಲ್ಲ. ಸಿಇಒ ಅವರ ಜೊತೆ ಮಾತಾಡಿಯೇ ಹೀಗೆ ತೀರ್ಮಾನವಾಗಿದೆ.
>
> ಕಾರಣ ದುಡ್ಡು ಬೇಕಾಗುವ ತಿಂಗಳು. 50 ಕ್ವಿಂಟಲ್‌ಗೆ ಸುಮಾರು 6 ಲಕ್ಷ ರೂಪಾಯಿ ಹಿಡಿಯುತ್ತದೆ. ಅಂಗಡಿಗಳಿಗೆ ಸಾಲಕ್ಕೆ ಕೊಟ್ಟರೆ ಅದು ವಾಪಸ್ ಬರುವವರೆಗೆ, ಜನವರಿಯಲ್ಲಿ ಮಾಲು ತಂದ ರೈತರಿಗೆ ಕೊಡಲು ಅಷ್ಟು ಕಡಿಮೆ ಬೀಳುತ್ತದೆ. ಆ ತಿಂಗಳು ರೈತರ ಪಾವತಿ ತಡವಾಗಬಾರದು.
>
> ನೀವು ತಂದ 14 ಅಂಗಡಿಗಳ ಪಟ್ಟಿ ನಮ್ಮ ಹತ್ತಿರ ಇಲ್ಲಿಯವರೆಗೆ ಇರಲಿಲ್ಲ. ಅದನ್ನು ಮಾರಾಟದ ಫೈಲಿನಲ್ಲಿ ನಿಮ್ಮ ಹೆಸರಿನಲ್ಲೇ ಸೇರಿಸಿದ್ದೇನೆ. ಜಿಐ ಗುರುತಿಗೆ ಕಂಪನಿ ಅಧಿಕೃತ ಬಳಕೆದಾರ ಎಂದು ನೋಂದಣಿ ಆಗಬೇಕು. ಅದಕ್ಕೆ ಯಾವ ಕಾಗದಪತ್ರ ಬೇಕು ಎಂದು ನಾನು ವಿಚಾರಿಸುತ್ತೇನೆ.
>
> ಅಂಗಡಿಯವರಿಗೆ ಈಗಾಗಲೇ ಏನಾದರೂ ಹೇಳಿದ್ದರೆ ತಿಳಿಸಿ. ಏನು ಉತ್ತರ ಕೊಡಬೇಕು ಎಂದು ಇಬ್ಬರೂ ಕೂತು ನೋಡೋಣ.

ಇದು ನಿಮ್ಮದಕ್ಕಿಂತ ಮೂರು ಪಟ್ಟಿಗೂ ಜಾಸ್ತಿ ಉದ್ದ ಇದೆ. ಇರಲಿ. ಆದರೆ ಇದಕ್ಕಿಂತ ಉದ್ದ ಮಾಡಬೇಡಿ. ಎಷ್ಟು ಉದ್ದ ಮಾಡಿದರೆ ಅಷ್ಟು ತಪ್ಪಿತಸ್ಥರ ಹಾಗೆ ಕಾಣಿಸುತ್ತೆ. ‘ಕ್ಷಮಿಸಿ’ ಅನ್ನೋದು ಬೇಕೆಂದೇ ಬಿಟ್ಟಿದ್ದೇನೆ, ಕ್ಷಮೆ ಕೇಳೋ ಕೆಲಸ ನೀವೇನೂ ಮಾಡಿಲ್ಲ. ಮೊದಲ ಪ್ಯಾರಾದಲ್ಲಿ ಸಿಇಒ ಹೆಸರು ಬಂದಿರೋದು ಹೆದರಿಸೋಕಲ್ಲ. ಚಿಕ್ಕವರು ತಾವೇ ತಡೆದರು ಅನ್ನೋ ಭಾವನೆ ಬರಬಾರದು ಅಂತ. ಅದನ್ನು ಹಾಕುವ ಮೊದಲು ಸಿಇಒಗೆ ಒಂದು ಮಾತು ಹೇಳಿ. ‘ಮುಂದಿನ ವರ್ಷ ಮಾಡೋಣ’ ಅಂತಲೂ ಬರೆದಿಲ್ಲ, ಗಮನಿಸಿ. ಆ ಮಾತು ಕೊಡೋಕೆ ನಿಮ್ಮ ಕೈಯಲ್ಲಿ ಇಲ್ಲ.

ಸಿಸಿ ವಿಷಯ. ಅವರು ಪ್ರಸ್ತಾಪವನ್ನು ಯಾರ್ಯಾರಿಗೆ ಕಳಿಸಿದ್ದರೋ ಅವರಿಗೆಲ್ಲ ಉತ್ತರ ಹೋಗಲಿ, ಒಬ್ಬರೂ ಜಾಸ್ತಿ ಬೇಡ. ನಿಮಗೊಬ್ಬರಿಗೇ ಕಳಿಸಿದ್ದರೆ ಅವರಿಗೊಬ್ಬರಿಗೇ ಉತ್ತರಿಸಿ, ಸಿಇಒಗೆ ಬಾಯಲ್ಲಿ ಹೇಳಿ. ಇನ್ನೊಂದು ಹೆಸರು ಸೇರಿಸಿದ ಕೂಡಲೇ ಮೇಲ್ ದೂರಿನ ಪತ್ರ ಆಗುತ್ತೆ, ಒಳಗೆ ಎಷ್ಟು ಮೆತ್ತಗೆ ಬರೆದಿದ್ದರೂ ಅಷ್ಟೇ.

ಕಳಿಸಿದ ಮೇಲೆ ಬರೀ ‘ಓಕೆ’ ಅಂತ ಬಂದರೆ, ಅಥವಾ ಏನೂ ಬರದಿದ್ದರೆ, ಬೇಜಾರಾಗಿದೆ ಅಂತ ತಿಳಿಯಿರಿ. ಅದಕ್ಕೆ ಇನ್ನೊಂದು ಮೇಲ್ ಹಾಕಬೇಡಿ. ಮುಂದಿನ ವಾರ ಆ ಅಂಗಡಿ ಪಟ್ಟಿ ಹಿಡಿದುಕೊಂಡು ಹೋಗಿ, ಯಾರು ಉದ್ರಿ ಸರಿಯಾಗಿ ತೀರಿಸ್ತಾರೆ, ಯಾರು ಎಳೀತಾರೆ ಅಂತ ಕೇಳಿ. ಅದು ನಿಮಗೆ ನಿಜವಾಗಿ ಬೇಕಾದ ಮಾಹಿತಿ, ಅವರಿಗೆ ಮಾತ್ರ ಗೊತ್ತಿರುವುದು.

‘ಹಾಗಾದರೆ 10 ಕ್ವಿಂಟಲ್ ಮಾತ್ರ, ಜಿಐ ಇಲ್ಲದೆ, ನಗದು ಕೊಡುವ ಮೂರು ಅಂಗಡಿಗೆ ಮಾಡೋಣ’ ಅಂತ ಉತ್ತರ ಬಂದರೆ ಮುಖ ಸಿಂಡರಿಸಬೇಡಿ. ಅವರು ನಿಮ್ಮ ಕಾರಣ ಓದಿದ್ದಾರೆ, ಅದನ್ನೇ ಇಟ್ಟುಕೊಂಡು ಲೆಕ್ಕ ಹಾಕಿದ್ದಾರೆ. 6 ಲಕ್ಷ ಈಗ 1 ಲಕ್ಷ 20 ಸಾವಿರಕ್ಕೆ ಇಳಿದಿದೆ, ಉದ್ರಿಯೂ ಇಲ್ಲ. ಇದು ಬೇರೆಯೇ ಪ್ರಸ್ತಾಪ. ಹಳೇ ‘ಇಲ್ಲ’ವನ್ನು ಇದಕ್ಕೂ ಅಂಟಿಸದೆ, ಜನವರಿಯ ಪಾವತಿ ಪಟ್ಟಿ ತೆಗೆದು ಅಷ್ಟು ದುಡ್ಡು ಯಾವ ವಾರ ಬಿಡೋಕೆ ಆಗುತ್ತೆ ಅಂತ ನೋಡಿ, ಸಿಇಒ ಹತ್ತಿರ ನೀವಿಬ್ಬರೂ ಒಟ್ಟಿಗೆ ಹೋಗಿ.