ಟೇಪಿಗೆ ಹಾಕಿ, ಡ್ರೈವ್ ಮಾತ್ರ ಕೊಳ್ಳಬೇಡಿ

ಪತ್ರ: ಮಾನ್ಯ ಸಂಪಾದಕರೇ, ಹತ್ತು ವರ್ಷಗಳಿಂದ ಊರೂರು ತಿರುಗಿ ಬಾಳೋಪಾಟ್, ಪುತ್ತರಿ ಪಾಟ್ ಎಂಬ ಕೊಡವ ಹಾಡುಗಳ ವಿಡಿಯೊ ಮಾಡಿಟ್ಟಿದ್ದೇವೆ. ಒಟ್ಟು 30 ಟಿಬಿ, ಎಲ್ಲವೂ ಹಾರ್ಡ್ ಡಿಸ್ಕ್‌ಗಳಲ್ಲಿ. ಹೋದ ಮಳೆಗಾಲದಲ್ಲಿ ಒಂದು ಡಿಸ್ಕ್ ಕೈಕೊಟ್ಟಿತು. ಬೆಂಗಳೂರಿನ ಗೆಳೆಯರೊಬ್ಬರು ಟೇಪಿಗೆ ಹಾಕಿ ಅನ್ನುತ್ತಾರೆ. ಮನೆಯ ಹಳೆಯ ಕ್ಯಾಸೆಟ್‌ಗಳೆಲ್ಲ ಬೂಷ್ಟು ಹಿಡಿದು ಹಾಳಾಗಿವೆ. ಮತ್ತೆ ಟೇಪನ್ನೇ ನಂಬುವುದೇ? ಖರ್ಚು ಎಷ್ಟಾದೀತು?
— ಓದುಗರು, ವಿರಾಜಪೇಟೆ

ಸಂಪಾದಕರ ಉತ್ತರ: ನಂಬಬಹುದು. ಆದರೆ 30 ಟಿಬಿಗಾಗಿ ಟೇಪಿಗೆ ಬರೆಯುವ, ಓದುವ ಯಂತ್ರವನ್ನು, ಅಂದರೆ ಟೇಪ್ ಡ್ರೈವನ್ನು, ಸ್ವಂತಕ್ಕೆ ಕೊಳ್ಳುವುದು ಬೇಡ. ಏಕೆಂದು ಲೆಕ್ಕ ಹಾಕಿಯೇ ಹೇಳುತ್ತೇವೆ.

ನಿಮ್ಮ ಗೆಳೆಯರು ಹೇಳುತ್ತಿರುವುದು ಎಲ್‌ಟಿಒ ಎಂಬ ಟೇಪು. ಅಂಗೈಯಗಲದ ಚೌಕ ಕಾರ್ಟ್ರಿಜ್, ಒಳಗೆ ಒಂದೇ ಸುರುಳಿ. ಒಂಬತ್ತನೇ ಪೀಳಿಗೆಯ ಎಲ್‌ಟಿಒ-9 ಕಾರ್ಟ್ರಿಜ್‌ನಲ್ಲಿ ಅರ್ಧ ಇಂಚು ಅಗಲದ, 1,035 ಮೀಟರ್ ಉದ್ದದ ಟೇಪು ಇರುತ್ತದೆ, ಅದರಲ್ಲಿ 18 ಟಿಬಿ ಹಿಡಿಯುತ್ತದೆ. ಡಬ್ಬಿಯ ಮೇಲೆ ಇನ್ನೂ ದೊಡ್ಡದಾಗಿ 45 ಟಿಬಿ ಎಂದು ಅಚ್ಚಾಗಿರುತ್ತದೆ. ಅದು ದತ್ತಾಂಶ ಕುಗ್ಗಿದರೆ ಎಂಬ ಊಹೆಯ ಲೆಕ್ಕ. ವಿಡಿಯೊ ಮೊದಲೇ ಕುಗ್ಗಿರುವುದರಿಂದ ನಿಮಗೆ ಸಿಗುವುದು 18 ಮಾತ್ರ. ಸ್ವಲ್ಪ ಜಾಗ ಬಿಟ್ಟು 17 ಎಂದು ಇಟ್ಟುಕೊಳ್ಳಿ.

ಡಿಸ್ಕ್‌ಗೂ ಟೇಪಿಗೂ ಇರುವ ಮುಖ್ಯ ವ್ಯತ್ಯಾಸ ಇದು: ಹಾರ್ಡ್ ಡಿಸ್ಕ್‌ನಲ್ಲಿ ಬರಹವೂ ಅದನ್ನು ಓದುವ ಯಂತ್ರವೂ ಒಂದೇ ಡಬ್ಬಿಯೊಳಗಿವೆ. ಮೋಟಾರು ಸಿಕ್ಕಿಕೊಂಡರೆ, ಓದುವ ತಲೆ ಕೆಟ್ಟರೆ, ಸಿಡಿಲಿಗೆ ಬೋರ್ಡ್ ಸುಟ್ಟರೆ, ಒಳಗಿನ ಬರಹ ಸರಿಯಿದ್ದರೂ ಕೈಗೆ ಬರುವುದಿಲ್ಲ. ವರ್ಷಗಟ್ಟಲೆ ಕಪಾಟಿನಲ್ಲಿ ಸುಮ್ಮನೆ ಇಟ್ಟ ಡಿಸ್ಕ್ ತಿರುಗಲು ಒಪ್ಪದಿರುವುದೂ ಉಂಟು. ಟೇಪಿನಲ್ಲಿ ಯಂತ್ರ ಬೇರೆ, ಬರಹ ಬೇರೆ. ಡ್ರೈವ್ ಕೆಟ್ಟರೆ ಕಾರ್ಟ್ರಿಜ್ ತೆಗೆದು ಬೇರೆ ಡ್ರೈವ್‌ಗೆ ಹಾಕಬಹುದು. ಕಪಾಟಿನಲ್ಲಿರುವ ಕಾರ್ಟ್ರಿಜ್‌ಗೆ ಯಾವ ತಂತಿಯೂ ಇಲ್ಲ, ಆದ್ದರಿಂದ ವೈರಸ್ಸಾಗಲಿ, ತಪ್ಪಾಗಿ ಒತ್ತಿದ ಡಿಲೀಟ್ ಆಗಲಿ ಅಲ್ಲಿಗೆ ತಲುಪದು. 2011ರ ಫೆಬ್ರವರಿಯಲ್ಲಿ ಕೆಲವು ಜಿಮೇಲ್ ಖಾತೆಗಳು ಖಾಲಿಯಾದಾಗ ನಡೆದದ್ದು ಇದೇ: ಸಾಫ್ಟ್‌ವೇರ್ ದೋಷ ಹಲವು ಪ್ರತಿಗಳನ್ನು ಒಟ್ಟಿಗೇ ಕೆಡಿಸಿತ್ತು, ಗೂಗಲ್ ಕೊನೆಗೆ ಟೇಪಿನಿಂದ ಪತ್ರಗಳನ್ನು ಮರಳಿಸಿತು.

ಇನ್ನು ಖರ್ಚು. ಬೆಲೆ ತಿಂಗಳಿಗೊಮ್ಮೆ ಬದಲಾಗುತ್ತದೆ, ಹಾಗಾಗಿ ಲೆಕ್ಕಕ್ಕೆಂದು ದುಂಡು ಅಂಕಿ ಹಿಡಿಯುತ್ತೇವೆ. ಕೊಟೇಶನ್ ಬಂದಾಗ ನಿಮ್ಮ ಅಂಕಿ ಹಾಕಿಕೊಳ್ಳಿ. 18 ಟಿಬಿ ಡಿಸ್ಕ್ 40 ಸಾವಿರ, ಕಾರ್ಟ್ರಿಜ್ 10 ಸಾವಿರ, ಡ್ರೈವ್ ಮತ್ತು ಅದನ್ನು ಕಂಪ್ಯೂಟರಿಗೆ ಜೋಡಿಸುವ ಕಾರ್ಡ್ ಸೇರಿ ನಾಲ್ಕೂವರೆ ಲಕ್ಷ ಎನ್ನೋಣ. ಹದಿನೈದು ವರ್ಷಕ್ಕೆ ನೋಡೋಣ. ಡಿಸ್ಕನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ಅಂದರೆ ಪ್ರತಿ 17 ಟಿಬಿಗೆ ಮೂರು ಡಿಸ್ಕ್, 1.2 ಲಕ್ಷ. ಟೇಪಿನಲ್ಲಿ ನಡುವೆ ಒಮ್ಮೆ ಹೊಸ ಪೀಳಿಗೆಗೆ ಸಾಗಿಸಬೇಕು, ಅಂದರೆ ಎರಡು ಕಾರ್ಟ್ರಿಜ್, 20 ಸಾವಿರ. ಉಳಿತಾಯ ಒಂದು ಲಕ್ಷ. ಆದರೆ ಡ್ರೈವನ್ನೂ ಎರಡು ಸಲ ಕೊಳ್ಳಬೇಕು, ಅದೇ ಒಂಬತ್ತು ಲಕ್ಷ. ಈ ಒಂಬತ್ತು ಲಕ್ಷ ಹುಟ್ಟಬೇಕಾದರೆ ಒಂಬತ್ತು ಕಾರ್ಟ್ರಿಜ್ ತುಂಬುವಷ್ಟು ಸರಕು ಬೇಕು, ಸುಮಾರು 150 ಟಿಬಿ. ಎರಡೆರಡು ಪ್ರತಿ ಇಡುವವರಿಗೆ ಅದು 75 ಟಿಬಿಯ ಸಂಗ್ರಹ. ಅದಕ್ಕಿಂತ ದೊಡ್ಡ ಸಂಗ್ರಹವಿದ್ದವರಿಗೆ ಟೇಪು ಅಗ್ಗ, ಬೆಳೆದಷ್ಟೂ ಅಗ್ಗ. ನಿಮ್ಮದು ಇನ್ನೂ ಅದರ ಅರ್ಧಕ್ಕೂ ಬಂದಿಲ್ಲ.

ಆದ್ದರಿಂದ ನಮ್ಮ ಸಲಹೆ: ದಿನದ ಬಳಕೆಯ ಪ್ರತಿ ಡಿಸ್ಕ್‌ನಲ್ಲೇ ಇರಲಿ. ಸಿನಿಮಾ, ವಿಡಿಯೊ ಸಂಕಲನದ ಸ್ಟುಡಿಯೊಗಳಲ್ಲಿ ಎಲ್‌ಟಿಒ ಡ್ರೈವ್ ಇರುತ್ತದೆ. ಅಂಥ ಒಂದು ಕಡೆ ನಾಲ್ಕು ಕಾರ್ಟ್ರಿಜ್ ಕೊಟ್ಟು ಎರಡು ಟೇಪು ಪ್ರತಿ ಮಾಡಿಸಿ. ಎಲ್‌ಟಿಎಫ್‌ಎಸ್ ವಿಧಾನದಲ್ಲೇ ಬರೆಯಬೇಕೆಂದು ಮೊದಲೇ ಬರೆಸಿಕೊಳ್ಳಿ. ಆಗ ಟೇಪು ಪೆನ್ ಡ್ರೈವ್‌ನಂತೆ ಕಡತಗಳ ಪಟ್ಟಿ ತೋರಿಸುತ್ತದೆ. ಅವರದೇ ಬ್ಯಾಕಪ್ ಸಾಫ್ಟ್‌ವೇರಿನಲ್ಲಿ ಬರೆದರೆ ಮುಂದೆ ಆ ಸಾಫ್ಟ್‌ವೇರ್ ಇಲ್ಲದೆ ಟೇಪು ಬಿಚ್ಚಲಾಗದು. ಕೊಡುವ ಮೊದಲು ಲಿನಕ್ಸ್ ಟರ್ಮಿನಲ್‌ನಲ್ಲಿ ಸಂಗ್ರಹದ ಫೋಲ್ಡರಿನೊಳಗೆ ನಿಂತು ಪ್ರತಿ ಕಡತದ ಗುರುತು ಅಂಕಿ ತೆಗೆದಿಡಿ:

```
find . -type f -print0 | xargs -0 sha256sum > ../suchi.sha256
```

ಟೇಪು ಬಂದ ಮೇಲೆ, ಸಾಧ್ಯವಾದರೆ ಬರೆದ ಡ್ರೈವ್ ಅಲ್ಲದ ಇನ್ನೊಂದರಲ್ಲಿ, ಎಲ್ಲವನ್ನೂ ಖಾಲಿ ಡಿಸ್ಕ್‌ನ ಒಂದು ಫೋಲ್ಡರಿಗೆ ಮರಳಿ ಇಳಿಸಿ, suchi.sha256 ಕಡತವನ್ನು ಆ ಫೋಲ್ಡರಿನ ಹೊರಗೆ ಪಕ್ಕದಲ್ಲೇ ಇಟ್ಟು, ಫೋಲ್ಡರಿನೊಳಗೆ ನಿಂತು ಹೀಗೆ ತಾಳೆ ನೋಡಿ:

```
sha256sum -c --quiet ../suchi.sha256
```

ಏನೂ ಹೇಳದೆ ಮುಗಿದರೆ ಎಲ್ಲ ಸರಿ. FAILED ಎಂದು ಬಂದ ಕಡತವನ್ನು ಮತ್ತೆ ಬರೆಸಬೇಕು. ಇಳಿಸದೆ ನೇರ ಟೇಪಿನ ಮೇಲೇ ತಾಳೆ ನೋಡಿದರೆ, ಪಟ್ಟಿಯ ಕ್ರಮವೂ ಟೇಪಿನ ಕ್ರಮವೂ ಬೇರೆಯಾಗಿ ಸುರುಳಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಲೇ ಇರುತ್ತದೆ; ಕೆಲಸ ದಿನಗಟ್ಟಲೆ ಹಿಡಿದು ಟೇಪೂ ಸವೆಯುತ್ತದೆ. ಬರೆಯುವಾಗಲೂ ಇದೇ ತೊಂದರೆ ಬರಬಹುದು. ಚಿಕ್ಕ ಡ್ರೈವ್ ಸೆಕೆಂಡಿಗೆ 300 ಎಂಬಿ ಬರೆಯಬಲ್ಲದು. ಡ್ರೈವ್ ತನ್ನ ವೇಗವನ್ನು ಒಂದು ಮಟ್ಟದವರೆಗೆ ಇಳಿಸಿಕೊಳ್ಳುತ್ತದೆ. ನಿಮ್ಮ ಹಳೆಯ ಯುಎಸ್‌ಬಿ ಡಿಸ್ಕ್ ಅದಕ್ಕಿಂತಲೂ ನಿಧಾನವಾದರೆ ಟೇಪು ನಿಂತು, ಹಿಂದೆ ಸರಿದು, ಮತ್ತೆ ಹೊರಡುತ್ತದೆ. ಡ್ರೈವ್‌ನಿಂದ ಎಡೆಬಿಡದ ಗರಗರ ಶಬ್ದ ಬರುವುದರಿಂದ ಇದು ಗೊತ್ತಾಗುತ್ತದೆ. ಮೊದಲು ವೇಗದ ಎಸ್‌ಎಸ್‌ಡಿಗೆ ಹಾಕಿಕೊಂಡು ಅಲ್ಲಿಂದ ಬರೆಯುವ ಸ್ಟುಡಿಯೊ ಒಳ್ಳೆಯದು. ಪೂರ್ತಿ ವೇಗದಲ್ಲೇ ಹೋದರೂ 15 ಟಿಬಿಗೆ ಹದಿನಾಲ್ಕು ಗಂಟೆ ಬೇಕು. ಬರೆದಾದ ಮೇಲೆ ಕಾರ್ಟ್ರಿಜ್‌ನ ಅಂಚಿನಲ್ಲಿರುವ ಚಿಕ್ಕ ಬೀಗದ ಗುಂಡಿ ಸರಿಸಿಬಿಡಿ, ಆಮೇಲೆ ಯಾರೂ ಅದರ ಮೇಲೆ ಬರೆಯಲಾರರು.

ಈಗ ಬೂಷ್ಟಿನ ಮಾತು. ನಿಮ್ಮ ಹೆದರಿಕೆಯಲ್ಲಿ ಅರ್ಧ ನಿಜವಿದೆ. ಎಲ್‌ಟಿಒ-9 ಟೇಪಿನ ಕಾಂತಕಣ ಬೇರಿಯಂ ಫೆರೈಟ್. ಅದು ಮೊದಲೇ ಆಕ್ಸೈಡ್ ಆದ್ದರಿಂದ ಇನ್ನು ತುಕ್ಕು ಹಿಡಿಯಲು ಉಳಿದಿಲ್ಲ. ಆದರೆ ಕಣಗಳನ್ನು ಪಟ್ಟಿಗೆ ಅಂಟಿಸಿರುವುದು ಇಂದಿಗೂ ಪ್ಲಾಸ್ಟಿಕ್ ಜಾತಿಯ ಅಂಟೇ. ತೇವ ಕುಡಿದರೆ ಅದು ಮೆತ್ತಗಾಗುತ್ತದೆ, ಬೂಷ್ಟಿಗೂ ಅಲ್ಲೇ ನೆಲೆ. ಮೂವತ್ತು ವರ್ಷ ಬಾಳುತ್ತದೆ ಎಂಬ ತಯಾರಕರ ಮಾತು 16ರಿಂದ 25 ಡಿಗ್ರಿ ಉಷ್ಣಾಂಶ, ಶೇ. 20ರಿಂದ 50 ಆರ್ದ್ರತೆಯಲ್ಲಿ ಇಟ್ಟವರಿಗೆ. ಕೊಡಗಿನಲ್ಲಿ ಉಷ್ಣಾಂಶ ಹೆಚ್ಚು ಕಡಿಮೆ ತಾನಾಗಿಯೇ ಹೊಂದುತ್ತದೆ, ಆರ್ದ್ರತೆ ಮಾತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲಿಯೂ ಹೊಂದದು. ಒಣಗಿಸಿಟ್ಟ ಕಾಫಿ ಆ ತಿಂಗಳುಗಳಲ್ಲಿ ಗೋದಾಮಿನಲ್ಲೇ ತೇವ ಎಳೆದುಕೊಳ್ಳುವುದನ್ನು ನೀವು ಬಲ್ಲಿರಿ.

ಹಾಗಾಗಿ ಕಾರ್ಟ್ರಿಜ್‌ಗಳನ್ನು ಅವುಗಳ ಪೆಟ್ಟಿಗೆಯ ಸಮೇತ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಯಲ್ಲಿ ನಿಲ್ಲಿಸಿಡಿ. ಪೊಟ್ಟಣ ಕಟ್ಟಿದ ಸಿಲಿಕಾ ಜೆಲ್ ಹಾಕಿ. ಬಿಡಿ ಹರಳು ಬೇಡ, ಅದರ ಪುಡಿ ಟೇಪಿಗೆ ಶತ್ರು. ಜೊತೆಗೆ ಒಂದು ಸಣ್ಣ ಆರ್ದ್ರತಾ ಮಾಪಕ ಇಟ್ಟು 30ರಿಂದ 45ರೊಳಗೆ ಇರುವಂತೆ ನೋಡಿಕೊಳ್ಳಿ. ಏರತೊಡಗಿದರೆ ಪೊಟ್ಟಣ ಬದಲಿಸುವ ಹೊತ್ತಾಯಿತು. ಮಳೆಯ ದಿನ ಡಬ್ಬಿ ತೆರೆಯಬೇಡಿ. ಬೇರೆಡೆಯಿಂದ ತಂದ ಟೇಪನ್ನು ಒಂದು ದಿನ ಡ್ರೈವ್ ಇರುವ ಕೋಣೆಯಲ್ಲಿ ಬಿಟ್ಟು ಆಮೇಲೆ ಹಾಕಿ. ಇನ್ನೊಂದು ಪ್ರತಿಯನ್ನು ಮೈಸೂರಿನಂಥ ಒಣ ಊರಿನ ನೆಂಟರ ಮನೆಯಲ್ಲಿಡಿ.

ಟೇಪಿನ ನಿಜವಾದ ಅಪಾಯ ಬೂಷ್ಟಲ್ಲ, ಓದುವ ಡ್ರೈವ್ ಸಿಗದಿರುವುದು. ಎಲ್‌ಟಿಒ-9 ಡ್ರೈವ್ ಓದುವುದು 9 ಮತ್ತು 8ನೇ ಪೀಳಿಗೆಯನ್ನು ಮಾತ್ರ. 2025ರಲ್ಲಿ ಬಂದ ಎಲ್‌ಟಿಒ-10 ಹಿಂದಿನ ಯಾವುದನ್ನೂ ಓದುವುದಿಲ್ಲ. ನಿಮ್ಮ ಟೇಪು 2055ರಲ್ಲಿ ಚೆನ್ನಾಗಿಯೇ ಇರಬಹುದು, ಅದನ್ನು ಓದುವ ಯಂತ್ರ ಅಷ್ಟರಲ್ಲಿ ಗುಜರಿ ಸೇರಿರುತ್ತದೆ. ಹಾಗಾಗಿ ಪ್ರತಿ ಕಾರ್ಟ್ರಿಜ್‌ನ ಚೀಟಿಯಲ್ಲಿ ಪೀಳಿಗೆ, ಬರೆದ ತಿಂಗಳು, ಎಲ್‌ಟಿಎಫ್‌ಎಸ್ ಎಂಬ ಮಾತು ಬರೆಯಿರಿ. ಎರಡು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ಒಂದು ಪ್ರತಿಯನ್ನು ಸ್ಟುಡಿಯೊಗೆ ಒಯ್ದು ತಾಳೆ ನೋಡಿ ಬನ್ನಿ. ಅವರು ಎಲ್‌ಟಿಒ-9 ಡ್ರೈವ್ ತೆಗೆದುಬಿಡುವ ಯೋಚನೆಯಲ್ಲಿದ್ದಾರೆಂದು ಗೊತ್ತಾದ ವರ್ಷವೇ ಹೊಸ ಪೀಳಿಗೆಗೆ ಸಾಗಿಸಿಕೊಳ್ಳಿ.