ಕೂಲಿಯ ಪಾಲು ಇಳಿದರೆ ಕೂಲಿ ಇಳಿದ ಹಾಗಲ್ಲ

"ಬದಿಯಡ್ಕ ಕಡೆಯ ಒಂದು ಅಡಿಕೆ ಹಾಳೆ ತಟ್ಟೆ ಕಂಪನಿಯನ್ನೂ ಪುತ್ತೂರು ಕಡೆಯ ಅದರ ಪ್ರತಿಸ್ಪರ್ಧಿಯನ್ನೂ, ಪ್ರತಿ ಸಾಲನ್ನೂ ಆದಾಯದ ಶೇಕಡಾವಾಗಿ ತೋರಿಸುವ ಕಾಮನ್ ಸೈಜ್ ಪಟ್ಟಿ ಮತ್ತು ಒಂದು ವರ್ಷವನ್ನು 100 ಎಂದು ಹಿಡಿದು ಉಳಿದವನ್ನು ಅಳೆಯುವ ಟ್ರೆಂಡ್ ಮೂಲಕ ಹೋಲಿಸಿ ಲೇಖನ ಬರೆದಿದ್ದೇನೆ. ಶೇಕಡಾ ಲೆಕ್ಕ ಎರಡೆರಡು ಸಲ ನೋಡಿದ್ದೇನೆ. ಪ್ರಕಟಿಸಬಹುದೇ? ತಪ್ಪಿದ್ದರೆ ಮುಚ್ಚುಮರೆಯಿಲ್ಲದೆ ತಿಳಿಸಿ."

ನಮಸ್ಕಾರ. ಈಗಿರುವ ರೂಪದಲ್ಲಿ ಆಗುವುದಿಲ್ಲ. ನಿಮ್ಮ ಗುಣಾಕಾರ, ಭಾಗಾಕಾರ ಸರಿಯಾಗಿಯೇ ಇವೆ. ಯಾವುದನ್ನು ಯಾವುದರಿಂದ ಭಾಗಿಸಿದಿರಿ ಎಂಬಲ್ಲಿ ಎಡವಿದ್ದೀರಿ.

ಬದಿಯಡ್ಕದ ಕಂಪನಿಗೆ 2020-21ನ್ನು 100 ಎಂದು ಹಿಡಿದಿದ್ದೀರಿ. ಆ ವರ್ಷದ ಮಾರಾಟ 40 ಲಕ್ಷ, 2023-24ರದ್ದು 100 ಲಕ್ಷ. ಆದ್ದರಿಂದ ಸೂಚ್ಯಂಕ 250. ಲಾಭ 4 ಲಕ್ಷದಿಂದ 8ಕ್ಕೆ ಏರಿದ್ದರಿಂದ 200. ಆದರೆ 2020-21 ಎಂಥ ವರ್ಷ? ಕೋವಿಡ್‌ನಿಂದ ತಲಪಾಡಿಯ ಕೇರಳ-ಕರ್ನಾಟಕ ಗಡಿ ಮುಚ್ಚಿಯೇ ಶುರುವಾದ ವರ್ಷ, ಮದುವೆ ಊಟಗಳು ನಿಂತುಹೋದ ವರ್ಷ. ಊಟವಿಲ್ಲದಿದ್ದರೆ ಹಾಳೆ ತಟ್ಟೆ ಯಾರಿಗೆ ಬೇಕು? ಹೊಂಡದಲ್ಲಿ ನಿಂತು ಅಳೆದರೆ ಯಾವ ದಿಬ್ಬವೂ ಗುಡ್ಡವಾಗಿಯೇ ಕಾಣುತ್ತದೆ.

2019-20ರ ಅಂಕಿಗಳು ನಿಮ್ಮ ಪಟ್ಟಿಯಲ್ಲೇ ಇವೆ: ಮಾರಾಟ 80 ಲಕ್ಷ, ಕೂಲಿ 18, ಲಾಭ 9. ಅದನ್ನು 100 ಎಂದು ಹಿಡಿದರೆ 2023-24ರ ಮಾರಾಟ 125, 24 ಲಕ್ಷದ ಕೂಲಿ 133, ಲಾಭ 89. ನಿಮ್ಮ ಲೇಖನದಲ್ಲಿ ಇಮ್ಮಡಿಯಾದ ಲಾಭ ಇಲ್ಲಿ ಇಳಿದಿದೆ. ಆಧಾರ ವರ್ಷಕ್ಕೆ ಸಾಧಾರಣ ವರ್ಷವೊಂದನ್ನೇ ಆರಿಸಿ, ಯಾಕೆ ಆರಿಸಿದಿರಿ ಎಂದು ಒಂದು ಸಾಲು ಬರೆಯಿರಿ. (ಆಧಾರ ವರ್ಷದಲ್ಲಿ ನಷ್ಟವಾಗಿದ್ದರೆ ಲಾಭದ ಸಾಲಿಗೆ ಸೂಚ್ಯಂಕವನ್ನೇ ಹಾಕಬೇಡಿ. ಅದಕ್ಕೆ ಅರ್ಥವಿಲ್ಲ.)

ಇದೇ ಗುಂಗಿನಲ್ಲಿ, ಕೂಲಿ ಮಾರಾಟದ ಶೇ. 25ರಿಂದ 24ಕ್ಕೆ ಇಳಿಯಿತು, ಖರ್ಚಿಗೆ ಹಿಡಿತ ಬಂತು ಎಂದು ಬರೆದಿದ್ದೀರಿ. 2020-21ರಲ್ಲಿ ಶೇ. 25 ಆದದ್ದು ಮಾರಾಟ ಅರ್ಧಕ್ಕೆ ಕುಸಿದರೂ ಖಾಯಂ ಆಳುಗಳ ಸಂಬಳ ಅಷ್ಟು ಕುಸಿಯದ ಕಾರಣ. 2019-20ರಲ್ಲಿ ಆ ಪಾಲು 22.5 ಇತ್ತು. ಅಂದರೆ ಏರಿದೆ.

ಎಷ್ಟು ಏರಿದೆ ಎಂಬುದನ್ನು ಶೇಕಡಾ ಪಟ್ಟಿ ಪೂರ್ತಿ ತೋರಿಸುವುದಿಲ್ಲ. ತಟ್ಟೆಯ ಸರಾಸರಿ ಮಾರಾಟ ಬೆಲೆ 4 ರೂಪಾಯಿಯಿಂದ 5ಕ್ಕೆ ಹೋಯಿತೆಂದು ಕೊನೆಯ ಪುಟದಲ್ಲಿ ನೀವೇ ಬರೆದು, ಅದನ್ನು ಅಲ್ಲೇ ಬಿಟ್ಟಿದ್ದೀರಿ. ಭಾಗಿಸಿ ನೋಡಿ: 80 ಲಕ್ಷಕ್ಕೆ 20 ಲಕ್ಷ ತಟ್ಟೆ, 100 ಲಕ್ಷಕ್ಕೂ 20 ಲಕ್ಷ ತಟ್ಟೆ. ಒಂದು ತಟ್ಟೆಯೂ ಹೆಚ್ಚು ಹೋಗಿಲ್ಲ. ತಟ್ಟೆಯೊಂದರ ಕೂಲಿ ಮಾತ್ರ 90 ಪೈಸೆಯಿಂದ 1.20 ರೂಪಾಯಿಗೆ ಏರಿದೆ. ಬೆಲೆಯೂ ಜೊತೆಗೇ ಏರಿದ್ದರಿಂದ ಶೇಕಡಾ ಲೆಕ್ಕದಲ್ಲಿ ಅದು ಒಂದೂವರೆ ಅಂಶದ ಏರಿಕೆಯಷ್ಟೇ ಆಗಿ ಕಂಡಿತು. ನಿಮ್ಮ ಲೇಖನದ ನಿಜವಾದ ಸುದ್ದಿ ಇದು. ಇದನ್ನು ಮೊದಲ ಪುಟಕ್ಕೆ ತನ್ನಿ.

ಇನ್ನು ಪುತ್ತೂರಿನ ಕಂಪನಿ. ಕೂಲಿ 27 ಲಕ್ಷ, ಒಟ್ಟು ಆದಾಯ 300 ಲಕ್ಷ, ಹಾಗಾಗಿ ಶೇ. 9, ಬದಿಯಡ್ಕದ್ದು 24. ಇಷ್ಟು ನೋಡಿ ಅಲ್ಲಿನ ಯಂತ್ರಗಳನ್ನು ಹೊಗಳಿದ್ದೀರಿ. ಒಂದೇ ಸೀಮೆಯ ಹಾಳೆ, ಒಂದೇ ಬಗೆಯ ಪ್ರೆಸ್. ಇಷ್ಟು ಅಂತರ ಬಂದರೆ ಮೊದಲು ಅನುಮಾನ ಪಡಬೇಕಾದ್ದು ಖರ್ಚು ಯಾವ ಸಾಲಿನಲ್ಲಿ ಕೂತಿದೆ ಎಂಬುದರ ಮೇಲೆ. ನೀವೇ ಕಳಿಸಿದ ವಾರ್ಷಿಕ ಲೆಕ್ಕದಲ್ಲಿ 'ಇತರೆ ಖರ್ಚು' ಸಾಲಿನ ಟಿಪ್ಪಣಿ ತೆರೆದರೆ 51 ಲಕ್ಷದ ಜಾಬ್ ವರ್ಕ್ ಇದೆ. ಅವರು ತಟ್ಟೆ ಒತ್ತುವ ಕೆಲಸವನ್ನು ಮನೆಮನೆಗಳಿಗೆ ಕೊಡುತ್ತಾರೆ. ಅದೂ ಕೂಲಿಯೇ, ಹೆಸರು ಬೇರೆ.

ಭಾಗಿಸುವ ಅಂಕಿಯೂ ತಪ್ಪಿದೆ. ಆ 300ರಲ್ಲಿ 20 ಲಕ್ಷ ಹಳೆಯ ಜಾಗ ಮಾರಿ ಬಂದ ಲಾಭ. ಕಂಪನಿ ಕಾಯ್ದೆಯ ಮೂರನೇ ಅನುಸೂಚಿಯ ನಮೂನೆಯಲ್ಲಿ ವ್ಯವಹಾರದ ಆದಾಯ, ಇತರೆ ಆದಾಯ ಎಂದು ಎರಡು ಬೇರೆ ಸಾಲುಗಳಿರುತ್ತವೆ. ಲಾಭ-ನಷ್ಟ ಪಟ್ಟಿಯಲ್ಲಿ ಶೇ. 100 ಎಂದು ಹಿಡಿಯಬೇಕಾದ್ದು ಮೊದಲನೆಯದನ್ನು, ಇಲ್ಲಿ 280. ಈಗ ಕೂಲಿ, ಜಾಬ್ ವರ್ಕ್ ಸೇರಿ 78 ಲಕ್ಷ, ಅಂದರೆ ಶೇ. 27.9, ಬದಿಯಡ್ಕಕ್ಕಿಂತ ಹೆಚ್ಚು. ಶೇ. 9 ಎಂದು ನೀವು ತೋರಿಸಿದ 27 ಲಕ್ಷ ಲಾಭದಿಂದ ಜಾಗದ 20 ಲಕ್ಷ ತೆಗೆದರೆ ಉಳಿಯುವುದು 7 ಲಕ್ಷ, ಶೇ. 2.5. ಬದಿಯಡ್ಕದವರಿಗೆ ಇಂಥ ಇತರೆ ಆದಾಯವೇ ಇಲ್ಲದ್ದರಿಂದ ಅವರ ಶೇ. 8 ಹಾಗೆಯೇ ನಿಲ್ಲುತ್ತದೆ. ನಿಮ್ಮ ತೀರ್ಮಾನ ತಲೆಕೆಳಗಾಯಿತು.

ತಿದ್ದಿ ಕಳಿಸುವಾಗ ಶೇಕಡಾ ಪಕ್ಕದಲ್ಲಿ ರೂಪಾಯಿಯ ಅಂಕಿಯೂ ಇರಲಿ. ಇಲ್ಲವಾದರೆ ಓದುವವರಿಗೆ ಮೇಲಿನ ಯಾವುದನ್ನೂ ಪರಿಶೀಲಿಸಲಾಗದು. ಬದಿಯಡ್ಕದವರೂ ಜಾಬ್ ವರ್ಕ್ ಕೊಡುತ್ತಾರೆಯೇ ಎಂದು ಅವರ 'ಇತರೆ ಖರ್ಚಿನ' ಟಿಪ್ಪಣಿಯಲ್ಲಿ ನೋಡಿ; ನೀವು ಕಳಿಸಿದ ಪ್ರತಿಯಲ್ಲಿ ಆ ಪುಟವಿಲ್ಲ. ಅದು ಸಿಗದಿದ್ದರೆ ಪುತ್ತೂರಿನ ಹೋಲಿಕೆ ಬಿಟ್ಟುಬಿಡಿ. ಬದಿಯಡ್ಕದ 20 ಲಕ್ಷ ತಟ್ಟೆಗಳ ಲೆಕ್ಕವೊಂದಿದ್ದರೂ ನಾವು ಹಾಕುತ್ತೇವೆ.