ಕಪ್ಪು ಹಾವು, ಬಿಳಿ ಪಟ್ಟೆ: ಕಣ್ಣು ಬಿಡಿ, ಬೆನ್ನು ನೋಡಿ

ಪ್ರಶ್ನೆ: ಮಳವಳ್ಳಿ ಹತ್ತಿರ ನಮ್ಮ ತೋಟದ ಮನೆ. ನಿನ್ನೆ ರಾತ್ರಿ ಬಚ್ಚಲಲ್ಲಿ ಕಪ್ಪು ಹಾವು, ಮೈಮೇಲೆ ಬಿಳಿ ಪಟ್ಟೆ. ಬಕೆಟ್ ಹಿಂದೆ ಹೋದದ್ದು ಆಮೇಲೆ ಕಾಣಲಿಲ್ಲ. ಫೋಟೊ ಹಾಕಿದ್ದೀನಿ. ತಲೆ ತ್ರಿಕೋಣ ಇಲ್ಲ, ಕಣ್ಣಿನ ಪಾಪೆ ದುಂಡಗಿದೆ. ಹಾಗಾದ್ರೆ ವಿಷ ಇಲ್ಲ ಅಂತ ನಂಬಬಹುದಾ?

ನಂಬಬೇಡಿ. ಈ ಎರಡು ಗುರುತುಗಳನ್ನೂ ಒಂದು ಕಾಲಕ್ಕೆ ನಾನೂ ಹೇಳಿಕೊಂಡು ತಿರುಗುತ್ತಿದ್ದೆ. ನಮ್ಮ ಸೀಮೆಯಲ್ಲಿ ಎರಡೂ ನಿಲ್ಲುವುದಿಲ್ಲ. ನಾಗರಹಾವಿನ ಪಾಪೆ ದುಂಡಗೆ, ಕಟ್ಟುಹಾವಿನದೂ ದುಂಡಗೆ. ಬೆಕ್ಕಿನ ಕಣ್ಣಿನ ಹಾಗೆ ಉದ್ದುದ್ದ ಸೀಳಿದ ಪಾಪೆ ಇರುವುದು ಕೊಳಕುಮಂಡಲಕ್ಕೆ, ಗರಗಸ ಮಂಡಲಕ್ಕೆ. ಜೊತೆಗೆ ಹೆಬ್ಬಾವಿಗೆ, ಮಣ್ಣುಮುಕ್ಕಕ್ಕೆ ಕೂಡ ಇದೆ, ಅವೆರಡಕ್ಕೂ ವಿಷವೇ ಇಲ್ಲ. ತಲೆಯ ಆಕಾರವೂ ಅಷ್ಟೇ. ಕಟ್ಟುಹಾವಿನ ತಲೆ ಕತ್ತಿಗಿಂತ ಹೆಚ್ಚೇನೂ ಅಗಲವಿಲ್ಲ, ನೋಡಿದರೆ ಪಾಪದ ಹಾವು ಅನ್ನಿಸುತ್ತದೆ. ಕೆರೆಯ ನೀರುಹಾವು ಹೆದರಿದಾಗ ತಲೆ ಚಪ್ಪಟೆ ಮಾಡಿ ತ್ರಿಕೋಣ ತೋರಿಸುತ್ತದೆ.

ನಿಮ್ಮ ಹಾವಿನ ವಿಷಯದಲ್ಲಂತೂ ಪಾಪೆಯ ನಿಯಮ ತಲೆಕೆಳಗಾಗುತ್ತದೆ. ಮನೆಯೊಳಗೆ ಬರುವ ಕಪ್ಪು ಮೈ, ಬಿಳಿ ಪಟ್ಟೆಯ ಹಾವು ಅಂದರೆ ಹೆಚ್ಚಾಗಿ ಎರಡರಲ್ಲಿ ಒಂದು: ಕಟ್ಟುಹಾವು, ಇಲ್ಲವೇ ತೋಳದ ಹಾವು. ಸೀಳಿದ ಪಾಪೆ ಇರುವುದು ವಿಷವಿಲ್ಲದ ತೋಳದ ಹಾವಿಗೆ, ದುಂಡು ಪಾಪೆ ಕಟ್ಟುಹಾವಿಗೆ. ಅದೂ ಫೋಟೊದಲ್ಲಿ ಕಾಣುವುದಿಲ್ಲ. ಎರಡರ ಕಣ್ಣೂ ಕಡುಕಪ್ಪು ಮಣಿ ಇದ್ದಹಾಗೆ. ನಿಮಗೆ ದುಂಡಗೆ ಕಂಡದ್ದು ಪಾಪೆಯಲ್ಲ, ಇಡೀ ಕಣ್ಣು.

ಹಾಗಾದರೆ ಪಟ್ಟೆ ನೋಡೋಣ ಅನ್ನುತ್ತೀರಿ. ನಾನು ಎಡವಿದ್ದು ಅಲ್ಲೇ, ಅದಕ್ಕೇ ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ.

ಬೆಳೆದ ಕಟ್ಟುಹಾವಿನಲ್ಲಿ ಪಟ್ಟೆಗಳು ದಾರದಷ್ಟು ಸಣ್ಣ, ಬಹಳಷ್ಟು ಕಡೆ ಎರಡೆರಡು ಜೋಡಿಯಾಗಿ ಬರುತ್ತವೆ. ಕತ್ತಿನ ಕಡೆ ಪಟ್ಟೆ ಇರುವುದಿಲ್ಲ, ಇದ್ದರೂ ಬರೀ ಚುಕ್ಕಿ. ಬಾಲದ ಕಡೆಗೆ ಹೋದಂತೆ ಸ್ಪಷ್ಟವಾಗುತ್ತವೆ. ತೋಳದ ಹಾವಿನದು ಉಲ್ಟಾ. ಕತ್ತಿನಿಂದಲೇ ಅಗಲ ಪಟ್ಟೆ ಶುರುವಾಗಿ ಬಾಲದ ಕಡೆಗೆ ಮಾಸುತ್ತದೆ. ಅದರ ಪಟ್ಟೆಗಳು ಹನ್ನೆರಡರಿಂದ ಹತ್ತೊಂಬತ್ತು, ಕಟ್ಟುಹಾವಿನವು ನಲವತ್ತರ ಆಸುಪಾಸು. ತೋಳದ ಹಾವಿನ ಪಟ್ಟೆ ಪಕ್ಕೆಗೆ ಇಳಿದಾಗ ಕವಲೊಡೆದು ನಡುವೆ ತ್ರಿಕೋಣದಂಥ ಕಂದು ಜಾಗ ಬಿಡುತ್ತದೆ. "ಕತ್ತಿನಿಂದ ಪಟ್ಟೆ ಇದ್ದರೆ ತೋಳದ್ದು, ಬಾಲದ ಕಡೆ ಇದ್ದರೆ ಕಟ್ಟು" ಎಂಬ ಮಾತು ಹುಟ್ಟಿದ್ದು ಇದರಿಂದಲೇ. ಬೆಳೆದ ಹಾವಿಗೆ ಈ ಮಾತು ಬಹುಮಟ್ಟಿಗೆ ಸರಿ.

ಮರಿಗೆ ಸರಿಯಲ್ಲ. ಕಟ್ಟುಹಾವಿನ ಮರಿಗೆ ಪಟ್ಟೆಗಳು ಕತ್ತಿನ ಹತ್ತಿರದಿಂದಲೇ ಎದ್ದು ಕಾಣುತ್ತವೆ. ಬೆಳೆಯುತ್ತ ಮುಂಭಾಗದವು ಅಳಿಸಿಹೋಗುತ್ತವೆ. ಪರಿಚಯದವರೊಬ್ಬರು ವಾಟ್ಸಾಪಿನಲ್ಲಿ ಕಳಿಸಿದ ಫೋಟೊದಲ್ಲಿ ಒಂದಡಿಯ ಹಾವಿತ್ತು, ಕತ್ತಿನಿಂದಲೇ ಬಿಳಿ ಪಟ್ಟೆ. ತೋಳದ ಹಾವು, ಹೆದರಬೇಡಿ ಎಂದು ಬರೆದುಬಿಟ್ಟೆ. ಅವರು ಅದನ್ನು ಮೊರಕ್ಕೆ ತಳ್ಳಿ ಎತ್ತಲು ಹೋಗಿ ಬೆರಳಿಗೆ ಕಚ್ಚಿಸಿಕೊಂಡರು. ನಾನು ಹೇಳಿದ ಮಾತಿಗೆ ನಂಬಿ ಎರಡು ಗಂಟೆ ಮನೆಯಲ್ಲೇ ಕೂತಿದ್ದರು. ರೆಪ್ಪೆ ಜೋತುಬಿದ್ದ ಮೇಲೆ ಆಸ್ಪತ್ರೆಗೆ ಹೋದರು, ನಾಲ್ಕು ದಿನ ವೆಂಟಿಲೇಟರ್ ಮೇಲಿದ್ದು ಉಳಿದರು.

ಆ ಫೋಟೊವನ್ನು ಆಮೇಲೆ ಎಷ್ಟು ಸಲ ತೆಗೆದು ನೋಡಿದ್ದೇನೋ ಲೆಕ್ಕವಿಲ್ಲ. ಉತ್ತರ ಅದರಲ್ಲೇ ಇತ್ತು. ಪಟ್ಟೆಗಳನ್ನು ಎಣಿಸಿದ್ದರೆ ಅರ್ಧ ಮೈಯಲ್ಲೇ ಹದಿನೆಂಟು ಸಿಗುತ್ತಿದ್ದವು, ತೋಳದ ಹಾವಿಗೆ ಅಷ್ಟಿರುವುದಿಲ್ಲ. ಹಾವು ಮಡಚಿಕೊಂಡಿದ್ದ ಒಂದು ಕಡೆ ಬೆನ್ನಿನ ನಡುಸಾಲಿನ ಹುರುಪೆಗಳು ಪಕ್ಕದವಕ್ಕಿಂತ ದೊಡ್ಡವು ಎಂಬುದೂ ಕಾಣುತ್ತಿತ್ತು. ಹಾವು ಚಿಕ್ಕದು ಎಂಬ ಒಂದೇ ಕಾರಣಕ್ಕೆ ಪಟ್ಟೆಯ ಗುರುತನ್ನು ಪಕ್ಕಕ್ಕಿಡಬೇಕಿತ್ತು. ನಾನು ಗೊತ್ತಿದ್ದ ಒಂದು ಗುರುತು ಸಿಕ್ಕಿತು ಅಂತ ಅಲ್ಲಿಗೇ ನಿಂತೆ, ಅದಕ್ಕೆ ಎದುರಾಗಿ ನಿಲ್ಲುವ ಗುರುತು ಏನಾದರೂ ಇದೆಯೇ ಎಂದು ಹುಡುಕಲಿಲ್ಲ.

ಈಗ ನಾನು ಮೊದಲು ನೋಡುವುದು ಬೆನ್ನು. ಕಟ್ಟುಹಾವಿನ ಬೆನ್ನ ನಡುವೆ, ಕತ್ತಿನಿಂದ ಬಾಲದವರೆಗೆ, ಒಂದೇ ಸಾಲಿನಲ್ಲಿ ಆರು ಮೂಲೆಯ ದೊಡ್ಡ ಹುರುಪೆಗಳು ಜೋಡಿಸಿಕೊಂಡಿರುತ್ತವೆ. ಜೇನುಗೂಡಿನ ಕಣ್ಣುಗಳನ್ನು ಸಾಲಾಗಿ ಇಟ್ಟಂತೆ. ಎರಡೂ ಪಕ್ಕದ ಹುರುಪೆಗಳು ಅದಕ್ಕಿಂತ ಸಣ್ಣವು. ಮರಿಗೂ ಹಾಗೇ, ಮುದಿ ಹಾವಿಗೂ ಹಾಗೇ, ಪಟ್ಟೆಯೆಲ್ಲ ಅಳಿಸಿಹೋದ ಕಪ್ಪು ಹಾವಿಗೂ ಹಾಗೇ. ತೋಳದ ಹಾವಿನಲ್ಲಿ ಬೆನ್ನಿನ ಸಾಲೂ ಪಕ್ಕದ ಸಾಲೂ ಒಂದೇ ಅಳತೆ. ಫೋಟೊವನ್ನು ಹಿಗ್ಗಿಸಿ ಹಾವು ಬಳುಕಿರುವ ಜಾಗಕ್ಕೆ ಹೋಗಿ, ಬಳುಕಿನಲ್ಲಿ ಚರ್ಮ ಹಿಗ್ಗಿ ಗೆರೆಗಳು ಬಿಡಿಸಿಕೊಂಡಿರುತ್ತವೆ. ಬೆನ್ನ ಸಾಲಿನ ಒಂದು ಹುರುಪೆಯನ್ನೂ ಅದರ ಪಕ್ಕದ್ದನ್ನೂ ಅಗಲದಲ್ಲಿ ಹೋಲಿಸಿ. ಇಲ್ಲೊಂದು ಎಚ್ಚರಿಕೆ: ಬೆನ್ನಿನ ಹುರುಪೆ ದೊಡ್ಡದಿರುವುದು ಕಟ್ಟುಹಾವಿಗೆ ಮಾತ್ರ ಅಲ್ಲ, ಬೆಕ್ಕುಹಾವಿನಂಥ ಕೆಲವು ಮರದ ಹಾವಿಗೂ ಇದೆ. ಆದರೆ ಹೊಳೆಯುವ ಕಪ್ಪು ಮೈ, ಬಿಳಿ ಪಟ್ಟೆ, ದೊಡ್ಡ ಬೆನ್ನ ಸಾಲು ಮೂರೂ ಸೇರಿದರೆ ನಮ್ಮ ಕಡೆ ಬೇರೆ ಹೆಸರು ಹುಡುಕಬೇಕಿಲ್ಲ.

ತಲೆಯ ಹುರುಪೆಗಳಿಂದಲೂ ಗೊತ್ತಾಗುತ್ತದೆ, ಆದರೆ ತಲೆಯ ಪಕ್ಕದ ನೋಟ ಸ್ಪಷ್ಟವಾಗಿರಬೇಕು. ಮೂಗಿನ ಹೊಳ್ಳೆ ಇರುವ ಹುರುಪೆಯಿಂದ ಕಣ್ಣಿನವರೆಗೆ ಎಣಿಸಿ. ಕಟ್ಟುಹಾವಿನಲ್ಲಿ ನಡುವೆ ಒಂದೇ ಹುರುಪೆ, ಅದೇ ಕಣ್ಣಿಗೆ ತಾಗುತ್ತದೆ. ತೋಳದ ಹಾವಿನಲ್ಲಿ ಎರಡು. ನಾಗರಹಾವಿಗೂ ಆ ಇನ್ನೊಂದು ಹುರುಪೆ ಇಲ್ಲ, ನಾಗರವೂ ಕಟ್ಟುಹಾವೂ ಒಂದೇ ಕುಟುಂಬ. ನೆತ್ತಿಯ ಮೇಲೆ ಮಾತ್ರ ಕಣ್ಣು ಹಾಯಿಸಿ ಪ್ರಯೋಜನವಿಲ್ಲ. ನೆತ್ತಿಯಲ್ಲಿ ದೊಡ್ಡ ಹಲಗೆಯಂಥ ಹುರುಪೆ ಇದ್ದರೆ ವಿಷವಿಲ್ಲ, ಸಣ್ಣ ಹುರುಪೆ ತುಂಬಿದ್ದರೆ ವಿಷವಿದೆ ಎಂಬ ಇನ್ನೊಂದು ಮಾತು ಓಡಾಡುತ್ತಿದೆ. ಅದು ಕೊಳಕುಮಂಡಲವನ್ನು ಮಾತ್ರ ನೋಡಿ ಮಾಡಿದ್ದು. ನಾಗರ, ಕಟ್ಟು ಎರಡರ ನೆತ್ತಿಯಲ್ಲೂ ಕೇರೆಹಾವಿನ ಹಾಗೇ ದೊಡ್ಡ ಹಲಗೆಗಳಿವೆ.

ಈಗ ನಿಮ್ಮ ಫೋಟೊ. ತಲೆ ಬಕೆಟ್ ನೆರಳಲ್ಲಿದೆ, ಎಣಿಕೆ ಆಗುವುದಿಲ್ಲ. ಬಲ್ಬಿನ ಬೆಳಕು ಕತ್ತಿನ ಮೇಲೆ ಹೊಳೆದು ಬಿಳುಚಿದೆ, ಆ ಬಿಳುಪನ್ನು ಪಟ್ಟೆ ಅಂದುಕೊಳ್ಳಬೇಡಿ. ಕತ್ತಿನಿಂದ ಸುಮಾರು ಒಂದು ಗೇಣು ಪಟ್ಟೆ ಇಲ್ಲ, ಆಮೇಲೆ ಸಣ್ಣ ಗೆರೆಗಳು ಜೋಡಿ ಜೋಡಿಯಾಗಿ ಶುರುವಾಗಿವೆ. ಬಚ್ಚಲ ಹಾಸುಗಲ್ಲಿನ ಅಂಚಲ್ಲಿ ಹಾವು ತಿರುಗಿದ ಜಾಗವನ್ನು ಹಿಗ್ಗಿಸಿದರೆ ನಾಲ್ಕೈದು ಬೆನ್ನ ಹುರುಪೆಗಳು ಕಾಣುತ್ತವೆ, ಪಕ್ಕದವಕ್ಕಿಂತ ದೊಡ್ಡವು. ಹಾಸುಗಲ್ಲು ಎರಡಡಿಯದ್ದಾದರೆ ಹಾವು ಮೂರಡಿಗಿಂತ ಉದ್ದ, ತೋಳದ ಹಾವು ಅಷ್ಟು ಬೆಳೆಯುವುದು ಅಪರೂಪ. ಬೆನ್ನು, ಪಟ್ಟೆ, ಉದ್ದ ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಇದು ಕಟ್ಟುಹಾವು ಎಂದೇ ನನ್ನ ಓದು. ಬೆನ್ನಿನ ಆ ನಾಲ್ಕೈದು ಹುರುಪೆ ಕಾಣದೇ ಹೋಗಿದ್ದರೆ "ಹೇಳಲಾಗದು" ಎಂದು ಬರೆಯುತ್ತಿದ್ದೆ, ಆಗಲೂ ನೀವು ಮಾಡಬೇಕಾದ್ದು ಕೆಳಗೆ ಹೇಳಿರುವುದನ್ನೇ.

ವಿಷದ ಹಾವು ಎನ್ನಲು ನನಗೆ ಒಂದು ಒಳ್ಳೆಯ ಗುರುತು ಸಾಕು. ವಿಷವಿಲ್ಲ ಎನ್ನಬೇಕಾದರೆ ಬೆನ್ನು ಸ್ಪಷ್ಟವಾಗಿ ಕಾಣಬೇಕು, ಕಣ್ಣಿನ ಮುಂದಿನ ಎರಡು ಹುರುಪೆ ಎಣಿಕೆಗೆ ಸಿಗಬೇಕು, ಪಟ್ಟೆ ಅವೆರಡಕ್ಕೆ ವಿರುದ್ಧ ಹೋಗಬಾರದು. ಒಂದು ಕಡಿಮೆಯಾದರೂ ಆ ಮಾತು ನನ್ನ ಬಾಯಿಂದ ಬರುವುದಿಲ್ಲ.

ಮತ್ತೆ ಕಂಡರೆ ಏಳೆಂಟು ಅಡಿ ದೂರದಿಂದಲೇ, ಮೊಬೈಲಿನ ಜೂಮ್ ಹಾಕಿ ತೆಗೆಯಿರಿ. ಫ್ಲ್ಯಾಶ್ ಬೇಡ, ಹುರುಪೆಗಳು ಕನ್ನಡಿಯ ಹಾಗೆ ಹೊಳೆದು ಗೆರೆಗಳನ್ನೇ ನುಂಗುತ್ತವೆ. ಇನ್ನೊಬ್ಬರು ಅಷ್ಟೇ ದೂರದಲ್ಲಿ ನಿಂತು ಪಕ್ಕದಿಂದ ಟಾರ್ಚ್ ಹಿಡಿಯಲಿ. ನಡುಬೆನ್ನು ಬರಬೇಕು, ತಲೆ ಸಿಕ್ಕರೆ ಸಿಗಲಿ, ಅದಕ್ಕಾಗಿ ಹತ್ತಿರ ಹೋಗಬೇಡಿ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಎಂದು ಆಯ್ದು ಕಳಿಸಿ. ಮಾಮೂಲಿ ಫೋಟೊ ಹಾಗೆ ಕಳಿಸಿದರೆ ಅದು ಕುಗ್ಗಿ, ಮೊದಲು ಹಾಳಾಗುವುದು ಹುರುಪೆಯ ಗೆರೆಗಳೇ. ಹಾವನ್ನು ಕೊಂದು ತಂದು ಫೋಟೊ ತೆಗೆಯುವವರೂ ಇದ್ದಾರೆ. ಹೊಡೆಯಲು ಹತ್ತಿರ ಹೋದಾಗಲೇ ಕಚ್ಚಿಸಿಕೊಳ್ಳುವುದು, ಆಗತಾನೆ ಸತ್ತ ಹಾವಿನ ತಲೆಯೂ ಕಚ್ಚಬಲ್ಲದು.

ಆ ಹಾವು ಇನ್ನೂ ಮನೆಯ ಸುತ್ತಲೇ ಇರಬಹುದು. ಕಟ್ಟುಹಾವು ಹಗಲೆಲ್ಲ ಸಂದಿಯಲ್ಲಿ ಮಲಗಿ ರಾತ್ರಿ ಬೇಟೆಗೆ ಹೊರಡುತ್ತದೆ, ಬೇರೆ ಹಾವುಗಳನ್ನೂ ಇಲಿ ಹಲ್ಲಿಗಳನ್ನೂ ತಿನ್ನುತ್ತದೆ. ಬಚ್ಚಲ ನೀರು ಹೋಗುವ ತೂತಿಗೆ ಜಾಲರಿ ಹಾಕಿಸಿ, ಹಂಡೆಯ ಒಲೆ ಪಕ್ಕದ ಸೌದೆಯನ್ನು ಕೋಲಿನಿಂದ ಸರಿಸಿ, ಕೈ ಹಾಕಬೇಡಿ. ನೆಲದ ಮೇಲೆ ಚಾಪೆ ಹಾಸಿ ಯಾರೂ ಮಲಗಬೇಡಿ. ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆ ಕೆಳಗೆ ಸುತ್ತಲೂ ಸಿಕ್ಕಿಸಿ ಮಲಗಿ.

ಇದರ ಕಡಿತ ನೋಯುವುದು ಕಡಿಮೆ, ಊತವೂ ಇಲ್ಲದಿರಬಹುದು, ಗುರುತು ಕಾಣದೆಯೂ ಇರಬಹುದು. ಮನೆಯಲ್ಲಿ ಯಾರಿಗಾದರೂ ರಾತ್ರಿ ಮಲಗಿ ಎದ್ದ ಮೇಲೆ ಕಾರಣವಿಲ್ಲದೆ ಹೊಟ್ಟೆ ನೋವು, ರೆಪ್ಪೆ ಎತ್ತಲಾಗದಿರುವುದು, ಮಾತು ತೊದಲುವುದು ಕಂಡರೆ ಫೋಟೊ ಹುಡುಕುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹೊರಡಿ. ಕಚ್ಚಿದ ಭಾಗವನ್ನು ಕುಯ್ಯುವುದು, ಬಿಗಿದು ಕಟ್ಟುವುದು ಬೇಡ. ಈ ವಿಷ ನರದ ತುದಿಗಳನ್ನು ಹಾಳುಮಾಡುತ್ತದೆ. ಒಮ್ಮೆ ಹಾಳಾದದ್ದನ್ನು ಔಷಧಿ ತಿರುಗಿಸಲಾರದು, ಅದಕ್ಕೇ ಬೇಗ ತಲುಪಬೇಕು. ನಮ್ಮಲ್ಲಿ ಕೊಡುವ ಪ್ರತಿವಿಷ ನಾಗರ, ಕಟ್ಟು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ವೈದ್ಯರು ಲಕ್ಷಣ ನೋಡಿ ಅದನ್ನು ಕೊಡುತ್ತಾರೆ, ಹಾವಿನ ಹೆಸರು ಹೇಳಿದರೇ ಶುರು ಮಾಡುತ್ತೇವೆ ಅನ್ನುವುದಿಲ್ಲ.